ಗೌರಿ ದಾರ ಮತ್ತು ನೈಟ್ ಡ್ಯೂಟಿ

ಪ್ರೀತಿಯ ಅಮ್ಮಾ,

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ, ಡ್ಯೂಟಿಗೆ ಬಸ್ ಹಿಡಿಯುವ ಹೊತ್ತು ಅದು. "ಇಂಗ್ಲೆಂಡಿಗೆ ಹೋದ ಮೇಲೆ ಇದು ಮೂರನೇ ಗೌರಿ ಹಬ್ಬ. ದೇವರು ದಿಂಡರು ಅನ್ನೋದು ಇನ್ನೂ ಇಟ್ಟುಕೊಂಡಿದ್ದೀಯೋ, ಬಿಟ್ಟೇಬಿಟ್ಟೆಯೋ?" ಅಂತ ಕೇಳಿದೆ. ಬೈದು ಕೇಳಿದ್ದಲ್ಲ, ಭಯಪಟ್ಟು ಕೇಳಿದ್ದು ಅಂತ ಗೊತ್ತು. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟಿರುವ ಹುಡುಗಿಯರ ಅಮ್ಮಂದಿರೆಲ್ಲ ಇದನ್ನೇ ಕೇಳುತ್ತಾರೆ. ಅದಕ್ಕೇ ಈ ಪತ್ರವನ್ನು ನಿನಗೂ ಪತ್ರಿಕೆಗೂ ಒಟ್ಟಿಗೇ ಕಳಿಸುತ್ತಿದ್ದೇನೆ.

ಮೊದಲು ನೀನು ಅಂಚೆಯಲ್ಲಿ ಕಳಿಸಿದ ಗೌರಿ ದಾರದ ವಿಷಯ. ಹಬ್ಬಕ್ಕೆ ಐದು ದಿನ ಮೊದಲೇ ಬಂತು. ಹದಿನಾರು ಗಂಟೂ ಬಿಗಿಯಾಗಿದ್ದವು, ಅರಿಶಿನದ ವಾಸನೆ ಕವರಿನಲ್ಲೇ ಇತ್ತು. ಆದರೆ ಬಲಗೈ ಮಣಿಕಟ್ಟಿಗೆ ಕಟ್ಟಿಕೊಂಡು ವಾರ್ಡಿಗೆ ಹೋಗುವಂತಿಲ್ಲ. ಇಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯನ್ನು ಮುಟ್ಟುವವರ ಕೈ ಮೊಣಕೈಯಿಂದ ಕೆಳಗೆ ಬರಿದಾಗಿರಬೇಕು. ಬಳೆ ಇಲ್ಲ, ವಾಚ್ ಇಲ್ಲ, ದಾರ ಇಲ್ಲ. ಮದುವೆಯ ಉಂಗುರವಾದರೆ ಕಲ್ಲಿಲ್ಲದ್ದು ಒಂದು ಇರಬಹುದು. ಇದು ನಮ್ಮ ಧರ್ಮದ ಮೇಲಿನ ಸಿಟ್ಟಲ್ಲ ಅಮ್ಮಾ. ಹತ್ತಿ ದಾರ ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ, ಅದರಡಿಯ ಚರ್ಮವನ್ನು ಸರಿಯಾಗಿ ತೊಳೆಯಲೂ ಆಗುವುದಿಲ್ಲ. ಒಬ್ಬರ ಗಾಯದ ಸೋಂಕು ಇನ್ನೊಬ್ಬರ ಹಾಸಿಗೆಗೆ ಹೋಗಲು ಅಷ್ಟು ಸಾಕು.

ನಾನು ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ದಾರ ತೋರಿಸಿ, ಏನು ಎತ್ತ ಅಂತ ಹೇಳಿದೆ. ಮೊಣಕೈಗಿಂತ ಮೇಲೆ, ಯೂನಿಫಾರ್ಮಿನ ತೋಳಿನ ಒಳಗೆ ಕಟ್ಟಿಕೊಂಡರೆ ಅಡ್ಡಿಯಿಲ್ಲ ಎಂದರು. ಹಾಗಾಗಿ ಈ ಸಲ ನಿನ್ನ ದಾರ ನನ್ನ ತೋಳಿನ ಮೇಲಿತ್ತು. ಕೇಳದೆ ಕಟ್ಟಿಕೊಂಡು ಹೋದವರು ವಾರ್ಡಿನ ನಡುವೆ ಕತ್ತರಿಸಬೇಕಾಗುತ್ತದೆ, ಕೇಳದೆ ಬಿಟ್ಟುಬಿಟ್ಟವರು ವರ್ಷಪೂರ್ತಿ ನೊಂದುಕೊಳ್ಳುತ್ತಾರೆ. ಮೊದಲೇ ಕೇಳಿದರೆ ಹೆಚ್ಚಿನ ಸಲ ನಡುವೆ ಒಂದು ದಾರಿ ಸಿಗುತ್ತದೆ.

ಇನ್ನು ಹಬ್ಬದ ದಿನ ಯಾವುದು ಅನ್ನುವುದೇ ಇಲ್ಲಿ ಒಂದು ಲೆಕ್ಕ. ನಮ್ಮ ಪಂಚಾಂಗದಲ್ಲಿ ಸೂರ್ಯ ಹುಟ್ಟುವಾಗ ಇರುವ ತಿಥಿಯೇ ಆ ದಿನದ ತಿಥಿ. ಭಾದ್ರಪದದ ತದಿಗೆ ಭಾರತದ ಬೆಳಿಗ್ಗೆ 9ಕ್ಕೆ ಶುರುವಾಯಿತು ಅಂದುಕೋ. ಹಾಸನದಲ್ಲಿ ಸೂರ್ಯ ಹುಟ್ಟಿದಾಗ ಇನ್ನೂ ಬಿದಿಗೆಯೇ ಇತ್ತು, ಹಾಗಾಗಿ ನಿನ್ನ ಗೌರಿ ಮರುದಿನ. ಆದರೆ ಬೇಸಿಗೆ ಸಮಯದಲ್ಲಿ ನಾವು ನಿಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಿನ್ನ 9 ಗಂಟೆ ನನಗೆ ನಸುಕಿನ 4:30, ಇಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ತದಿಗೆ ಬಂದಾಗಿರುತ್ತದೆ. ಅಂದರೆ ಇಂಥ ವರ್ಷದಲ್ಲಿ ಇಲ್ಲಿನ ಗೌರಿ ಒಂದು ದಿನ ಮೊದಲು! ಇಲ್ಲಿನ ದೇವಸ್ಥಾನದ ಕ್ಯಾಲೆಂಡರ್ ಒಂದು ತಾರೀಕು, ನಿನ್ನ ಗೋಡೆಯ ಕ್ಯಾಲೆಂಡರ್ ಇನ್ನೊಂದು ಹೇಳಿದರೆ ಗಾಬರಿಯಾಗಬೇಡ, ಎರಡೂ ಸರಿ. ನಾನು ಮಾತ್ರ ನಿನ್ನ ತಾರೀಕನ್ನೇ ಹಿಡಿದಿದ್ದೇನೆ. ನೀನು ಕಳಶ ಇಡುವ ದಿನವೇ ನನಗೂ ಹಬ್ಬ.

ಆದರೂ ರಜೆ ಯಾಕೆ ಸಿಗಲಿಲ್ಲ ಅಂತ ಕೇಳುತ್ತೀಯ. ವರ್ಷಕ್ಕೆ 27 ದಿನ ರಜೆ, ಜೊತೆಗೆ 8 ಸಾರ್ವಜನಿಕ ರಜೆ ನಮಗಿದೆ. ಆ ಎಂಟರಲ್ಲಿ ಕ್ರಿಸ್‌ಮಸ್, ಈಸ್ಟರ್ ಇವೆ, ಗೌರಿಯೂ ಇಲ್ಲ, ದೀಪಾವಳಿಯೂ ಇಲ್ಲ. ನಮಗೆ ಬೇಕಾದ ದಿನವನ್ನು ಡ್ಯೂಟಿ ರೋಸ್ಟರ್ ಬರುವ ಮೊದಲೇ ಬರೆದು ಕೇಳಬೇಕು. ನಮ್ಮ ವಾರ್ಡಿನಲ್ಲಿ ರೋಸ್ಟರ್ ಎರಡು ತಿಂಗಳು ಮುಂಚೆಯೇ ತಯಾರಾಗುತ್ತದೆ. ಅಂದರೆ ಗೌರಿಯ ಮಾತನ್ನು ಆಷಾಢದಲ್ಲೇ ಎತ್ತಬೇಕು. ಈ ಸಲ ನಾನು ಕೇಳಿದ್ದೆ. ಅದೇ ವಾರ ಮಕ್ಕಳಿಗೆ ಶಾಲೆ ಶುರುವಾಗುತ್ತದೆಂದು ಇಬ್ಬರು ತಾಯಂದಿರಿಗೆ ರಜೆ ಕೊಟ್ಟಾಗಿತ್ತು, ನನಗೆ ಸಿಗಲಿಲ್ಲ. ಬೇಸರವಾಯಿತು, ಅನ್ಯಾಯ ಅನ್ನಿಸಲಿಲ್ಲ.

ನೈಟ್ ಡ್ಯೂಟಿಯವರು ತಿಳಿಯಬೇಕಾದದ್ದು ಇನ್ನೊಂದಿದೆ. ಬುಧವಾರ ಸಂಜೆ 7:30ಕ್ಕೆ ಶುರುವಾದ ಡ್ಯೂಟಿ ಮುಗಿಯುವುದು ಗುರುವಾರ ಬೆಳಿಗ್ಗೆ 8ಕ್ಕೆ. ರೋಸ್ಟರಿನಲ್ಲಿ ಅದು ಬುಧವಾರದ ಡ್ಯೂಟಿ. ಗುರುವಾರ ಹಬ್ಬವೆಂದು ಗುರುವಾರ ಮಾತ್ರ ರಜೆ ಕೇಳಿದರೆ, ಹಬ್ಬದ ಬೆಳಿಗ್ಗೆ ವಾರ್ಡಿನಲ್ಲೇ ಕಳೆಯುತ್ತದೆ, ಮಧ್ಯಾಹ್ನ ನಿದ್ದೆಯಲ್ಲಿ. ಹಬ್ಬ ಬೇಕೆಂದರೆ ಹಿಂದಿನ ರಾತ್ರಿಯನ್ನು ಕೇಳಬೇಕು.

ದೀಪಾವಳಿಗೆ ಈ ಸಲ ಹಾಗೇ ಮಾಡಿದ್ದೇನೆ. ಕೇರಳದ ಗೆಳತಿಯೊಬ್ಬಳು ನರಕ ಚತುರ್ದಶಿಯ ಹಿಂದಿನ ರಾತ್ರಿಯನ್ನೂ ಅಮಾವಾಸ್ಯೆಯ ರಾತ್ರಿಯನ್ನೂ ನನಗಾಗಿ ಮಾಡುತ್ತಾಳೆ. ಡಿಸೆಂಬರ್ 24 ಮತ್ತು 25ರ ಅವಳ ರಾತ್ರಿಗಳು ನನ್ನವು. ಇದು ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ಇಬ್ಬರೂ ಒಂದೇ ದರ್ಜೆಯ ನರ್ಸ್ ಆಗಿರಬೇಕು, ಒಂದು ಡ್ಯೂಟಿಗೂ ಇನ್ನೊಂದಕ್ಕೂ ನಡುವೆ 11 ಗಂಟೆ ಬಿಡುವಿರಬೇಕು, ಮ್ಯಾನೇಜರ್ ಒಪ್ಪಿ ರೋಸ್ಟರಿನಲ್ಲಿ ಹೆಸರು ಬದಲಿಸಬೇಕು. ಹೆಸರು ಬದಲಾಗದಿದ್ದರೆ ಗೆಳತಿ ಜ್ವರವೆಂದು ಮಲಗಿದ ದಿನ ಫೋನ್ ನನಗೇ ಬರುತ್ತದೆ. ಕ್ರಿಸ್‌ಮಸ್ ರಾತ್ರಿ ಅವಳು ಚರ್ಚಿಗೆ ಹೋಗುವುದಕ್ಕೆ ನಾನು ಎದ್ದಿರುವುದು, ನಾನು ಎಣ್ಣೆಸ್ನಾನ ಮಾಡುವುದಕ್ಕೆ ಅವಳು ಎದ್ದಿರುವುದು, ಇದೂ ಒಂದು ಬಾಗಿನವೇ ಅಲ್ಲವೇ?

ಉಪವಾಸದ ವಿಷಯ ನಿನಗೆ ಇಷ್ಟವಾಗಲಿಕ್ಕಿಲ್ಲ. ಡ್ಯೂಟಿ ಇರುವ ರಾತ್ರಿ ನಾನು ನಿರಾಹಾರ ಇರುವುದಿಲ್ಲ. ರಾತ್ರಿ 3ರಿಂದ 5ರವರೆಗೆ ಮೈಯ ಬಿಸಿ ಇಳಿಯುತ್ತದೆ, ಎಷ್ಟೇ ಅಭ್ಯಾಸವಿದ್ದರೂ ಬುದ್ಧಿ ಮಂದವಾಗುತ್ತದೆ. ನಮ್ಮಲ್ಲಿ ಮಾರ್ಫಿನ್‌ನಂಥ ಔಷಧಿಯನ್ನು ಇಬ್ಬರು ನರ್ಸ್‌ಗಳು ಸೇರಿ ಲೆಕ್ಕ ನೋಡಿ ಕೊಡಬೇಕು. ಆ ಹೊತ್ತಿನಲ್ಲಿ ಹಸಿವೂ ಸೇರಿದರೆ ಒಂದು ಸೊನ್ನೆ ಹೆಚ್ಚೋ ಕಡಿಮೆಯೋ ಓದುವ ಅಪಾಯವಿದೆ. ನನ್ನ ವ್ರತದ ಬೆಲೆಯನ್ನು ರೋಗಿ ಕಟ್ಟಬಾರದು. ಹಾಗಾಗಿ ಸಂಜೆ 6ಕ್ಕೆ ಅನ್ನ ಬಿಟ್ಟು ಹಣ್ಣು, ಮೊಸರವಲಕ್ಕಿ, ರಾತ್ರಿ 1ರ ಬಿಡುವಿನಲ್ಲಿ ಬಾಳೆಹಣ್ಣು, ಹಾಲು. ಬೆಳಿಗ್ಗೆ ರೂಮಿಗೆ ಬಂದು, ಸ್ನಾನ ಮಾಡಿ, ಪೂಜೆ ಮುಗಿಸಿ, ಏನೂ ತಿನ್ನದೆ ಮಲಗಿ ಸಂಜೆ ಎದ್ದ ಮೇಲೆ ಊಟ. ಉಪವಾಸ ಇದೆ, ನಿದ್ದೆಯ ಗಂಟೆಗಳಿಗೆ ಸರಿದಿದೆ ಅಷ್ಟೆ.

ಈಗ ಆ ರಾತ್ರಿಯ ಮಾತು. ಊರು, ಹೆಸರು ನಾನು ಹೇಳುವಂತಿಲ್ಲ. ನನ್ನ ರೋಗಿಗಳಲ್ಲಿ ಕೊನೆಯ ದಿನಗಳಲ್ಲಿದ್ದ ಒಬ್ಬ ಅಜ್ಜಿ ಇದ್ದರು. ಚರ್ಮದಡಿಗೆ ಸ್ವಲ್ಪ ಸ್ವಲ್ಪವಾಗಿ ನೋವಿನ ಔಷಧಿ ಬಿಡುವ ಸಣ್ಣ ಪಂಪ್ ಹಾಕಿತ್ತು. ಇಂಥವರನ್ನು ಹಾಸಿಗೆಹುಣ್ಣು ಆಗದಂತೆ ಆಗಾಗ ಮಗ್ಗುಲು ಬದಲಿಸಬೇಕು, ಒಣಗಿದ ಬಾಯಿಯನ್ನು ಒದ್ದೆ ಸ್ಪಂಜಿನಿಂದ ಒರೆಸಬೇಕು. ರಾತ್ರಿ 2:30ಕ್ಕೆ, ಅಂದರೆ ನೀನು ಬೆಳಿಗ್ಗೆ 7ಕ್ಕೆ ಗೌರಮ್ಮನ ಮುಂದೆ ಕೂತಿದ್ದ ಹೊತ್ತಿಗೆ, ಸಹಾಯಕಿಯ ಜೊತೆ ಅವರ ಮಗ್ಗುಲು ಬದಲಿಸುತ್ತಿದ್ದೆ. ಅವರು ಕಣ್ಣು ಬಿಟ್ಟು, ಪಾದ್ರಿಯನ್ನು ಕರೆಸುತ್ತೀರಾ ಎಂದರು.

ಇಲ್ಲಿ ಒಂದು ಕಟ್ಟುನಿಟ್ಟು ಇದೆ. ನನ್ನ ನಂಬಿಕೆಯನ್ನು ಸಲ್ಲದ ರೀತಿಯಲ್ಲಿ ರೋಗಿಯ ಮುಂದೆ ತರಬಾರದೆಂದು ನಮ್ಮ ನರ್ಸಿಂಗ್ ಕೌನ್ಸಿಲ್‌ನ ನೀತಿಸಂಹಿತೆಯೇ ಹೇಳುತ್ತದೆ. ಸಾಯುವ ಹೊತ್ತಿನವರ ಹತ್ತಿರ ನನ್ನ ದೇವರ ಹೆಸರು ಹೇಳಿ ಸಮಾಧಾನ ಮಾಡುವುದು ನನ್ನ ಕೆಲಸವಲ್ಲ, ಅವರ ದೇವರನ್ನು ಅವರಿಗೆ ತಲುಪಿಸುವುದು ನನ್ನ ಕೆಲಸ. ಆಸ್ಪತ್ರೆಯ ಟೆಲಿಫೋನ್ ಆಪರೇಟರಿಗೆ ಹೇಳಿ ರಾತ್ರಿಯ ಡ್ಯೂಟಿಯಲ್ಲಿದ್ದ ಪಾದ್ರಿಯನ್ನು ಕರೆಸಿದೆ. ಯಾವ ಪಂಗಡ ಎಂದು ಅಜ್ಜಿಯ ಫೈಲಿನಲ್ಲಿ ನೋಡಿ ಹೇಳಿದೆ, ಕ್ಯಾಥೊಲಿಕರ ಕೊನೆಯ ವಿಧಿಗೆ ಕ್ಯಾಥೊಲಿಕ್ ಪಾದ್ರಿಯೇ ಬೇಕು. ಅವರು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಸಹಾಯಕಿ ಉಳಿದವರನ್ನು ನೋಡಿಕೊಂಡಳು, ನಾನು ಅಜ್ಜಿಯ ಕೈ ಹಿಡಿದು ಕೂತೆ. ಅವರು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ, ಒಳಗೆ ಗೌರಿಯನ್ನು ನೆನೆದೆ. ತೋಳಿನಲ್ಲಿ ನಿನ್ನ ದಾರ ಇತ್ತು.

ದೇವರ ಮೇಲಿರುವುದಕ್ಕೂ ಕೆಲಸದ ಮೇಲಿರುವುದಕ್ಕೂ ನಮ್ಮ ಭಾಷೆಯಲ್ಲಿ ಶ್ರದ್ಧೆ ಎಂಬ ಒಂದೇ ಮಾತಿದೆ. ಊರಿನಲ್ಲಿದ್ದಾಗ ಅದು ನನಗೆ ಹೊಳೆದಿರಲಿಲ್ಲ, ಹಬ್ಬ ತಾನಾಗಿಯೇ ಬರುತ್ತಿತ್ತು, ನೀನು ಎಲ್ಲ ಮಾಡಿರುತ್ತಿದ್ದೆ. ವಾರ್ಡಿನಲ್ಲಿ ಆಮ್ಲಜನಕ ಇರುವುದರಿಂದ ದೀಪ ಹಚ್ಚುವಂತಿಲ್ಲ. ಬಾಡಿಗೆ ರೂಮಿನಲ್ಲಿ ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಂ ಕೂಗುತ್ತದೆ, ಬ್ಯಾಟರಿ ದೀಪ ಇಟ್ಟಿದ್ದೇನೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಸ್ಯಾನಿಟೈಸರ್ ಹಾಕಿ ಕೈ ಉಜ್ಜಲು 20ರಿಂದ 30 ಸೆಕೆಂಡ್ ಬೇಕು. ನೀನು ಕಲಿಸಿದ ಒಂದು ಸಣ್ಣ ಪ್ರಾರ್ಥನೆ ಸರಿಯಾಗಿ ಅಷ್ಟೇ ಉದ್ದ. ಅದು ಮುಗಿಯುವವರೆಗೆ ಉಜ್ಜುತ್ತೇನೆ, ಅವಸರ ಮಾಡಿದರೆ ಎರಡೂ ಕೆಡುತ್ತವೆ. ಭೇದಿಯ ಸೋಂಕಿನ ರೋಗಿಯಾದರೆ ಸ್ಯಾನಿಟೈಸರ್ ಸಾಲದು, ಸೋಪು ನೀರಿನಲ್ಲಿ ತೊಳೆಯಬೇಕು. ಆಗ ಎರಡು ಸಲ ಹೇಳಿಕೊಳ್ಳುತ್ತೇನೆ. ಒಂದು ರಾತ್ರಿಗೆ ಎಷ್ಟು ಸಲ ಆಗುತ್ತದೆ ಅಂತ ಎಣಿಸಿಲ್ಲ. ಊರಿನಲ್ಲಿ ದಿನಕ್ಕೆ ಎರಡೇ ಸಲ ಆಗುತ್ತಿತ್ತು.

ಹೊರದೇಶಕ್ಕೆ ಹೊರಟಿರುವ ನನ್ನ ಕಿರಿಯರಿಗೂ ಇದೇ ಹೇಳುವುದು. ಹಬ್ಬ ಸಿಗದಿದ್ದರೆ ನಂಬಿಕೆ ಹೋಗುವುದಿಲ್ಲ. ರಜೆ ಕೇಳದೆ, ನಿಯಮ ಏನೆಂದು ವಿಚಾರಿಸದೆ, "ಇಲ್ಲಿ ಇದೆಲ್ಲ ನಡೆಯಲ್ಲ" ಎಂದು ಒಂದೊಂದನ್ನೇ ಬಿಡುತ್ತಾ ಹೋದರೆ ಹೋಗುತ್ತದೆ. ಯಾರೂ ಕಿತ್ತುಕೊಂಡಿದ್ದಲ್ಲ, ಆದರೂ ಕೆಲವು ವರ್ಷದಲ್ಲಿ ಏನೂ ಉಳಿದಿರುವುದಿಲ್ಲ.

ನಿನ್ನಿಂದ ಒಂದು ಸಹಾಯ ಬೇಕು. ಯುಗಾದಿಗೆ ಅಪ್ಪ ಹೊಸ ಪಂಚಾಂಗ ತಂದ ದಿನವೇ ಗೌರಿ, ದೀಪಾವಳಿಯ ಪುಟಗಳ ಫೋಟೊ ತೆಗೆದು ಕಳಿಸು. ಆಷಾಢದವರೆಗೂ ಕಾಯಬೇಡ. ಮುಂದಿನ ವರ್ಷದ ರಜೆಗೆ ಮೊದಲ ಚೀಟಿ ನನ್ನದೇ ಆಗಿರಲಿ.

ಇತಿ,
ನಿನ್ನ ಮಗಳು