ಡಬ್ಬಿಯಲ್ಲಿಲ್ಲದ ಚಾರ್ಜರ್

ನಮ್ಮ ಕಲಬುರಗಿಯ ನೆಹರೂ ಗಂಜಿನಲ್ಲಿ ತೊಗರಿಬೇಳೆ ಕೊಳ್ಳುವಾಗ ತೂಕ ಕಡಿಮೆ ಎನಿಸಿದರೆ ಯಾವ ಹೆಣ್ಣುಮಗಳೂ ಸುಮ್ಮನಿರುವುದಿಲ್ಲ, ತಕ್ಕಡಿ ಮತ್ತೆ ಎತ್ತಿಸುತ್ತಾಳೆ. ಬೇಳೆ ನೀವೇ ಬಚ್ಚಿಟ್ಟಿಲ್ಲವೆಂದು ಸಾಕ್ಷಿ ಕೊಡಿ ಎನ್ನುವ ಧೈರ್ಯ ಯಾವ ಅಂಗಡಿಯವನಿಗೂ ಇಲ್ಲ. ಆದರೆ ಮನೆಬಾಗಿಲಿಗೆ ಫೋನು ಕಳಿಸುವವರು ಇದನ್ನೇ ಕೇಳುತ್ತಾರೆ, ನಾವೂ ತಲೆ ತಗ್ಗಿಸುತ್ತೇವೆ.

2020ರಲ್ಲಿ ಐಫೋನ್ 12 ಬಂದಾಗ ಆಪಲ್ ಕಂಪನಿ ಪರಿಸರದ ಹೆಸರು ಹೇಳಿ ಡಬ್ಬಿಯಿಂದ ಚಾರ್ಜರ್ ತೆಗೆಯಿತು. ಬೇರೆ ಕೆಲವರೂ ಅದೇ ದಾರಿ ಹಿಡಿದರು. ಅದರ ಜಗಳ ಬೇರೆ. ಇಲ್ಲವೆಂದು ಹೇಳಿಯೇ ಅವರು ಮಾರುತ್ತಾರೆ. ಇದೆ ಎಂದು ಬರೆದು ಕೊಡದಿರುವುದು ಮಾತ್ರ ತೂಕದ ಮೋಸವೇ. ಎರಡರಲ್ಲಿ ಯಾವುದೆಂದು ತಿಳಿಯಲು ಡಬ್ಬಿಯ ಹಿಂಬದಿಯ ಸಣ್ಣಕ್ಷರದ ಪಟ್ಟಿ ಓದಿದರೆ ಸಾಕು.

ಕಮಲಾಪುರದಲ್ಲಿರುವ ನನ್ನ ತಂಗಿಗೆ ಕಲಬುರಗಿಯಲ್ಲಿ ಓದುವ ಅವಳ ಮಗಳು ಫೋನು ತರಿಸಿಕೊಟ್ಟಳು. ಪಟ್ಟಿಯಲ್ಲಿ ಚಾರ್ಜರ್ ಇತ್ತು, ಡಬ್ಬಿಯಲ್ಲಿ ಅದರ ಗೂಡು ಖಾಲಿ. ಹೊರಗಿನ ಅಂಟುಪಟ್ಟಿ ಹಾಗೇ ಇತ್ತು, ಒಳಗಿನ ಸೀಲು ಮಾತ್ರ ಎದ್ದಿತ್ತು. ಅಂದರೆ ದಾರಿಯಲ್ಲಿ ಹೋದದ್ದಲ್ಲ, ಹೊರಡುವ ಮೊದಲೇ ಯಾರೋ ತೆಗೆದದ್ದು. ಅಂದೇ ಫೋನು ಮಾಡಿದರೆ, “ಡಬ್ಬಿ ಬಿಚ್ಚುವಾಗ ವಿಡಿಯೋ ತೆಗೆದಿದ್ದೀರಾ ಮೇಡಂ?” ಎಂಬ ಪ್ರಶ್ನೆ. “ಹಳೇ ಫೋನ್ ಕೆಟ್ಟದ ಅಂತನೇ ಹೊಸಾದು ತರ್ಸೀವ್ರಿ, ವಿಡಿಯೋ ಯಾವುದ್ರಾಗ ತೆಗೀಬೇಕ್ರಿ?” ಎಂದಳು ತಂಗಿ. ಉತ್ತರ ಬರಲಿಲ್ಲ.

ದುಡ್ಡು ತೆಗೆದುಕೊಳ್ಳುವಾಗ ಯಾರೂ ವಿಡಿಯೋದ ಮಾತೆತ್ತಿರಲಿಲ್ಲ. ಅದಿದ್ದರೆ ಒಳ್ಳೆಯದು, ನಿಜ; ವಿಳಾಸದ ಚೀಟಿಯಿಂದ ಖಾಲಿ ಗೂಡಿನವರೆಗೆ ನಿಲ್ಲಿಸದೆ ತೆಗೆದದ್ದಾಗಿರಬೇಕು. ಆದರೆ ಅದಿಲ್ಲವೆಂದ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಹೇಳಿದಂತಿಲ್ಲದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ಒಲ್ಲೆನೆನ್ನುವಂತಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿ ದೂರು ಬಂದಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು.

ಮಗಳು ಮಾರಾಟದ ಪುಟ, ಬಿಲ್ಲು, ಡಬ್ಬಿಯ ಪಟ್ಟಿ, ಎದ್ದ ಸೀಲು, ಈ ನಾಲ್ಕರ ಚಿತ್ರ ಇಟ್ಟು ಆ ಅಧಿಕಾರಿಗೆ ಬರೆದಳು. ಎರಡು ವಾರದಲ್ಲಿ ಚಾರ್ಜರ್ ಬಂತು. ಬಾರದಿದ್ದರೆ ಸಹಾಯವಾಣಿ 1915 ಇತ್ತು. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ಕೊಂಡವರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಮಲಾಪುರದವರು ಬೆಂಗಳೂರು, ದಿಲ್ಲಿ ಎಂದು ಅಲೆಯಬೇಕಿಲ್ಲ, ಕಲಬುರಗಿ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅವಧಿ 2 ವರ್ಷ.

ಸಾವಿರ ರೂಪಾಯಿಯ ಚಾರ್ಜರಿಗೆ ಇಷ್ಟು ರಗಳೆ ಯಾಕೆ ಎನ್ನುವ ಗಂಡಸರು ಪ್ರತಿ ಮನೆಯಲ್ಲೂ ಇದ್ದಾರೆ. ಮಾರುವವರ ಲೆಕ್ಕ ನಿಂತಿರುವುದೇ ಆ ಮಾತಿನ ಮೇಲೆ. ಬೇಸತ್ತು ಅಂಗಡಿಯಲ್ಲಿ ಇನ್ನೊಂದು ಕೊಳ್ಳುತ್ತೇವೆಂದು ಅವರಿಗೆ ಗೊತ್ತು. ಬೇಳೆಗೆ ತಕ್ಕಡಿ ಎತ್ತಿಸುವ ಕೈ ಇಲ್ಲಿ ಯಾಕೆ ಹಿಂಜರಿಯಬೇಕು?