‘ಮರತುಬಿಡು’ ಅಂದ್ರ ಅದು ಮರೀತದೇನು?

ಈಗ ನಮ್ಮ ವೈನಿಗೋಳು, ಅಕ್ಕಾಗೋಳು ಅಡಗಿ ಪಟ್ಟಿಯಿಂದ ಹಿಡದು ಆಮಂತ್ರಣದ ತನಕ ಎಲ್ಲಾನೂ ಫೋನಿನ ಎಐ ಚಾಟ್‌ನ್ಯಾಗ ಕೇಳ್ತಾರ. ಕೇಳ್ರಿ, ನನ್ನ ತಕರಾರಿಲ್ಲ. ಆದ್ರ ನಡುವ ‘ಮೊದಲ ಹೇಳಿದ್ದು ಮರತುಬಿಡು’ ಅಂತ ಬರದು ನಿಶ್ಚಿಂತಿಯಿಂದ ಕೂಡಬ್ಯಾಡ್ರಿ. ಅದು ‘ಆತು, ಮರತೆ’ ಅಂತದ. ಮರತಿರೂದಿಲ್ಲ.

ಒಳಗ ಆಗೂದು ಇಷ್ಟ. ನೀವು ಒಂದೊಂದು ಸಾಲು ಬರದಾಗೂ ಆ್ಯಪ್ ಮೊದಲಿನಿಂದ ನಡದ ಮಾತುಕತಿಯೆಲ್ಲಾ ಮತ್ತ ಮಾಡೆಲ್ ಮುಂದ ಇಡತದ. ಅದನ್ನೆಲ್ಲಾ ಓದೇ ಅದು ಮುಂದಿನ ಉತ್ತರ ಕಟ್ಟತದ. ಕಿರಾಣಿ ಚೀಟಿ ಕೆಳಗ ‘ಮ್ಯಾಲ ಬರದ ಬೆಲ್ಲ ಬ್ಯಾಡ’ ಅಂತ ಬರದ್ರ ಬೆಲ್ಲ ಅಳಿಸಿದಂಗಾಗೂದಿಲ್ಲ, ಎರಡನೇ ಸಲ ಬರದಂಗಾಗತದ. ಇದೂ ಹಂಗ.

ಒಂದು ಮನಿಯಾಗ ಸೊಸಿ ಕುಬಸ ಅದ ಅಂದ್ಕೋರಿ. ಬಸರಿಯೊಳಗ ಆಕಿಗೆ ಶುಗರ್ ಬಂದದ, ಬೀಗರಿಗೆ ಇನ್ನೂ ಹೇಳಿಲ್ಲ. ಅತ್ತಿ ಚಾಟ್‌ನ್ಯಾಗ ಅದನ್ನ ಹೇಳಿ ಊಟದ ಪಟ್ಟಿ ಮಾಡಿಸಿದ್ಲು. ಆಮ್ಯಾಲ ಅಲ್ಲೇ ‘ಶುಗರ್ ಮಾತು ಮರತುಬಿಡು, ಮಂದಿಗೆ ಕಳಸೂ ಆಮಂತ್ರಣ ಬರಿ’ ಅಂದ್ಲು. ಬಾಳ ಸಲ ಅದು ಮಾತು ಕೇಳತದ, ಶುಗರ್ ಅನ್ನೂ ಶಬ್ದ ಬರೂದಿಲ್ಲ. ಆದ್ರ ಒಮ್ಮೊಮ್ಮೆ ‘ಆರೋಗ್ಯಕ್ಕ ಹಿತವಾದ, ಸಿಹಿ ಕಡಿಮಿ ಇರೂ ಊಟ’ ಅಂತ ಒಂದು ಸಾಲು ನುಸಳತದ. ಶಬ್ದ ಬಿಟ್ಟರೂ ವಾಸನಿ ಉಳದಂಗ. ಅದನ್ನ ಗ್ರೂಪಿಗೆ ಹಾಕಿದ್ರ, ‘ಯಾಕ್ರಿ, ಸೊಸಿಗೇನಾಗೇದ?’ ಅಂತ ಮೊದಲ ಫೋನ್ ಬೀಗಿತಿದ್ದ.

ಅದಕ್ಕ ಆಮಂತ್ರಣಕ್ಕ ಹೊಸ ಚಾಟ್ ತಗೀರಿ. ತಾರೀಖು, ವ್ಯಾಳ್ಯಾ, ಮನಿ ವಿಳಾಸ ಇಷ್ಟ ಹೇಳ್ರಿ. ಮುಂದ ಇಡದ ಮಾತು ಸೋರೂದಿಲ್ಲ. ಇಲ್ಲಾ, ಎಡಿಟ್ ಇರೂ ಆ್ಯಪ್‌ನ್ಯಾಗ ಶುಗರ್ ಬರದ ನಿಮ್ಮ ಸಾಲನ್ನ ತಿದ್ದರಿ. ಆಗ ಅಲ್ಲಿಂದ ಕೆಳಗಿನ ಮಾತುಕತಿ ಬದಿಗೆ ಸರದು, ತಿದ್ದಿದ ಸಾಲಿನಿಂದ ಹೊಸದಾಗಿ ಶುರು ಆಗತದ.

ಒಂದು ಎಚ್ಚರ. ಕೆಲವು ಆ್ಯಪ್‌ನ್ಯಾಗ ಮೆಮೊರಿ ಅಂತ ಬ್ಯಾರೆ ಸೌಲಭ್ಯ ಇರತದ. ಅದು ಒಂದು ಚಾಟ್‌ನ ಮಾತು ಇನ್ನೊಂದಕ್ಕೂ ಒಯ್ಯತದ. ಹಂಗಿದ್ರ ಹೊಸ ಚಾಟ್ ತಗದರೂ ಶುಗರ್ ಮಾತು ಹಿಂದ ಬರಬಹುದು. ಸೆಟ್ಟಿಂಗ್ಸ್‌ನ್ಯಾಗ ನೋಡಿ ಅಲ್ಲಿಂದ ತಗೀಬೇಕು, ಇಲ್ಲಾ ಮೆಮೊರಿನ ಬಂದ್ ಮಾಡಬೇಕು. ಇನ್ನ ಕಂಪನಿ ಕಡೆ ಉಳದ ಪ್ರತಿಗಂತೂ ‘ಮರತುಬಿಡು’ ಅನ್ನೂ ಮಾತು ಮುಟ್ಟೂದ ಇಲ್ಲ. ಚಾಟ್ ಅಳಿಸಿದರೂ ಅಲ್ಲಿಂದ ಯಾವಾಗ ಹೋಗತದ ಅನ್ನೂದು ಅವರವರ ನಿಯಮ.

ಪಟ್ಟಿ ತಪ್ಪಿದ್ರ ‘ಮರತುಬಿಡು’ ಸಾಕು, ಮತ್ತೊಮ್ಮೆ ಓದಿ ನೋಡಿದ್ರಾತು. ಇನ್ನೊಬ್ಬರ ಮೈಯಾಗಿನ ಜಡ್ಡಿನ ಮಾತಿಗೆ ಮಾತ್ರ ಅದು ಸಾಲೂದಿಲ್ಲ. ಅದನ್ನ ಹೆಸರು ಹಾಕದ ‘ಒಬ್ಬ ಬಸರಿ ಹೆಂಗಸು’ ಅಂತ ಕೇಳಿದ್ರೂ ಊಟದ ಪಟ್ಟಿ ಅಷ್ಟ ಚೊಲೋ ಬರತದ.