‘ಬಾಲ್ಯದಿಂದಲೂ’ ಎಂಬ ಪದವನ್ನು ಮೊದಲು ಹೊಡೆದುಹಾಕಿ

ಮಾಸ್ಟರ್ಸ್ ಅರ್ಜಿಯ ಜೊತೆ ಕಳಿಸುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ನಮ್ಮ ಮಕ್ಕಳ ಕೈಯಲ್ಲಿ ಬಹುಪಾಲು ಒಂದೇ ಪದದಿಂದ ಶುರುವಾಗುತ್ತದೆ: ‘ಬಾಲ್ಯದಿಂದಲೂ’. ಮೊದಲ ಪ್ಯಾರಾ ಓದುವವರ ಮನಸ್ಸು ಕಲಕಬೇಕು ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಈ ಸಲಹೆಯೇ ತಪ್ಪು. ಅರ್ಜಿಯನ್ನು ತೂಗಿ ನೋಡುವವರು ಆ ವಿಷಯವನ್ನೇ ಪಾಠ ಮಾಡುವ ಮೇಷ್ಟ್ರುಗಳು. ಇವಳಿಗೆ ಕಾಡುತ್ತಿರುವ ಪ್ರಶ್ನೆ ಯಾವುದು, ಅದು ಎಲ್ಲಿಂದ ಹುಟ್ಟಿತು ಎಂಬುದು ಅವರಿಗೆ ಬೇಕು.

ವಿಜಯಪುರ ಜಿಲ್ಲೆಯ ಹಳ್ಳಿಯ ಹುಡುಗಿಯೊಬ್ಬಳು ಅರ್ಜಿ ಹಾಕುತ್ತಿದ್ದಾಳೆ ಎಂದುಕೊಳ್ಳಿ. ಸಿವಿಲ್ ಇಂಜಿನಿಯರಿಂಗ್ ಓದಿ, 2 ವರ್ಷ ಪುಣೆಯ ಕಂಪನಿಯೊಂದರಲ್ಲಿದ್ದು, ಸಣ್ಣ ಪಟ್ಟಣಗಳ ನೀರಿನ ಪೈಪುಗಳಲ್ಲಿ ಎಷ್ಟು ಸೋರುತ್ತದೆಂದು ಲೆಕ್ಕ ಹಾಕಿದವಳು. ಅವಳ ಮೊದಲ ಕರಡಿನಲ್ಲಿ ಇರುವುದು ಅವ್ವ ಹೊತ್ತ ಕೊಡ, ಒಣಗಿದ ಬಾವಿ, ‘ನೀರೇ ಜೀವನ’. ಒಂದೂ ಸುಳ್ಳಲ್ಲ. ಆದರೆ 2 ವರ್ಷದ ಕೆಲಸ ಅದರಲ್ಲಿ ಎಲ್ಲೂ ಇಲ್ಲ.

ಆ ಕೆಲಸದಲ್ಲಿ ಅವಳು ಕಂಡದ್ದು ಇದು. ಸೋರಿಕೆ ಅಳೆಯಲು ಪಠ್ಯಪುಸ್ತಕದ ಒಂದು ವಿಧಾನವಿದೆ: ರಾತ್ರಿ 2ರಿಂದ 4ರ ನಡುವೆ ಪೈಪಿನಲ್ಲಿ ಹರಿಯುವ ನೀರನ್ನು ಅಳೆಯುವುದು. ಊರು ಮಲಗಿರುವಾಗ ಹರಿಯುವುದರಲ್ಲಿ ಹೆಚ್ಚಿನದು ಸೋರಿಕೆಯೇ. ಆದರೆ ಇದು 24 ಗಂಟೆಯೂ ನೀರು ಬರುವ ಊರಿನ ಲೆಕ್ಕ. ದಿನಕ್ಕೆ 2 ಗಂಟೆ ಮಾತ್ರ ನೀರು ಬಿಡುವಲ್ಲಿ ರಾತ್ರಿ ಪೈಪು ಖಾಲಿ. ಬೆಳಿಗ್ಗೆ ಬಿಟ್ಟೊಡನೆ ಎಲ್ಲ ಮನೆಗಳ ಸಂಪುಗಳೂ ಒಟ್ಟಿಗೆ ತುಂಬತೊಡಗುತ್ತವೆ. ತುಂಬಿದ್ದೆಷ್ಟು, ಸೋರಿದ್ದೆಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ.

ಹಾಗಾದರೆ ಮೊದಲ ಪ್ಯಾರಾ ಹೀಗಿರಬೇಕು:

“ದಿನಕ್ಕೆ ಎರಡು ಗಂಟೆ ನೀರು ಬರುವ ಪಟ್ಟಣವೊಂದರಲ್ಲಿ ಸೋರಿಕೆ ಅಳೆಯುವ ಕೆಲಸ ನನ್ನದಾಗಿತ್ತು. ರಾತ್ರಿಯ ಹರಿವು ನೋಡುವ ವಿಧಾನ ಅಲ್ಲಿ ನಡೆಯಲಿಲ್ಲ, ರಾತ್ರಿ ಪೈಪಿನಲ್ಲಿ ನೀರೇ ಇರಲಿಲ್ಲ. ನೀರು ಬಿಟ್ಟಾಗ ಮನೆಗಳು ಸಂಪು ತುಂಬಿಸಿಕೊಳ್ಳುತ್ತಿದ್ದವು. ನಾನು ಬೆಳೆದ ಮನೆಯಲ್ಲಿ ಕೊಡ ತುಂಬಿಸಿಡುತ್ತಿದ್ದಂತೆ. ಹೀಗೆ ಕೂಡಿಡುವ ನೀರಿನಿಂದ ಸೋರಿಕೆಯನ್ನು ಬೇರ್ಪಡಿಸಿ ಅಂದಾಜು ಮಾಡುವುದು ಹೇಗೆಂದು ಕಲಿಯಲು ಜಲಸಂಪನ್ಮೂಲ ಇಂಜಿನಿಯರಿಂಗ್ ಓದಬಯಸುತ್ತೇನೆ.”

ಬಡತನ, ಊರು, ತಾಯಿ ಇವನ್ನೆಲ್ಲ ಮುಚ್ಚಿಡಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಕೊಡ ಇಲ್ಲೂ ಇದೆ. ಮೊದಲ ಕರಡಿನಲ್ಲಿ ಅದು ಕನಿಕರ ಕೇಳುತ್ತಿತ್ತು. ಇಲ್ಲಿ ನೀರು ನಿಂತು ನಿಂತು ಬಂದರೆ ಜನ ಏನು ಮಾಡುತ್ತಾರೆಂದು ಅವಳಿಗೆ ಮೊದಲೇ ಗೊತ್ತಿತ್ತೆಂದು ತೋರಿಸುತ್ತದೆ. ದಾಟಿಬಂದ ಕಷ್ಟಗಳನ್ನು ಹೇಳಲು ಬರ್ಕಲಿಯಂಥ ವಿಶ್ವವಿದ್ಯಾಲಯಗಳು ಬೇರೆಯೇ ಬರಹ ಕೇಳುತ್ತವೆ. ಅದನ್ನು ಅಲ್ಲಿ ವಿವರವಾಗಿ ಬರೆಯಲಿ.

ಕೆಲಸದ ಅನುಭವ ಇಲ್ಲದವರಿಗೂ ಕೊನೆಯ ವರ್ಷದ ಪ್ರಾಜೆಕ್ಟ್ ಇರುತ್ತದೆ, ಅದರಲ್ಲಿ ಲೆಕ್ಕ ತಾಳೆಯಾಗದ ಒಂದು ಜಾಗವಿರುತ್ತದೆ. ಅಲ್ಲಿಂದ ಶುರುಮಾಡಬಹುದು. ಬರೆದಾದ ಮೇಲೆ ‘ನೀರು’ ಎಂದಿರುವಲ್ಲೆಲ್ಲ ‘ವಿದ್ಯುತ್’ ಎಂದು ಹಾಕಿ ಓದಿ ನೋಡಲಿ. ಆಗಲೂ ಪ್ಯಾರಾ ಸರಿಯಾಗಿಯೇ ಕಂಡರೆ ಅದನ್ನು ಹರಿದು ಮತ್ತೆ ಬರೆಯಬೇಕು.